ಅಳು ಬಾರದ ಗಂಡಸಿಗೆ

“ಅಪ್ಪ ತೀರಿಕೊಂಡಾಗಲೂ ಅಳು ಬರಲಿಲ್ಲ, ಆಮೇಲೆ ಸಿಡುಕು ಮಾತ್ರ ಹೆಚ್ಚಾಗಿದೆ. ಇದನ್ನು ಬದಲಿಸಬಹುದೇ?” (ವಿರಾಜಪೇಟೆ)

ಬದಲಿಸಬಹುದು, ಆದರೆ ಅಳುವುದನ್ನೇ ಗುರಿಯಾಗಿಸಿಕೊಳ್ಳಬೇಡಿ. ಸೈನಿಕರ ನಾಡೆಂಬ ಹೆಮ್ಮೆಯ ನಮ್ಮ ಕೊಡಗಿನಲ್ಲಿ ಹುಡುಗನ ಅಳುವನ್ನು ಗದರಿಸಿ ನಿಲ್ಲಿಸುವ ಹಿರಿಯರು ಅವನ ಕೋಪವನ್ನು ಸಹಿಸಿಕೊಳ್ಳುವುದರಿಂದ, ದುಃಖವೂ ಭಯವೂ ಕ್ರಮೇಣ ಸಿಡುಕಾಗಿಯೇ ಹೊರಬರುತ್ತವೆ. ಅಮೆರಿಕದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಲೆವಾಂಟ್ ಇಂಥ ಗಂಡಸರಿಗೆ ಕಲಿಸುವ ಕ್ರಮದಲ್ಲಿ ದೇಹದಲ್ಲಾದ ಬದಲಾವಣೆಯನ್ನೂ ಅದಕ್ಕೆ ಮುಂಚೆ ನಡೆದದ್ದನ್ನೂ ಗುರುತು ಹಾಕಿಕೊಂಡು, ಆಮೇಲೆ ಭಾವಕ್ಕೆ ಹೆಸರು ಕೊಡಬೇಕು. ತೋಟದ ಲೆಕ್ಕದ ಪುಸ್ತಕದಲ್ಲಿ ಅಪ್ಪನ ಕೈಬರಹ ಕಂಡು ಗಂಟಲು ಬಿಗಿದು, ಮರುಕ್ಷಣವೇ (ಪಾಪ, ಎದುರಿಗಿದ್ದ) ರೈಟರ ಮೇಲೆ ರೇಗಿದಿರಿ ಎನ್ನೋಣ: “ಗಂಟಲು ಬಿಗಿಯಿತು, ಅಪ್ಪನ ಅಕ್ಷರ, ದುಃಖ” ಎಂದು ಬರೆದಿಟ್ಟು, ಅಂದು ಸಂಜೆಯೇ ಮನೆಯವರೊಬ್ಬರಿಗೆ ಅಷ್ಟನ್ನು ಹೇಳಿ. ನಿದ್ದೆ ಕೆಟ್ಟು ಕುಡಿತ ಹೆಚ್ಚುತ್ತಿದ್ದರೆ ಮಾತ್ರ ಈ ಬರವಣಿಗೆ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.