ಫೇಸ್‌ಬುಕ್ ಗ್ರೂಪ್ ಕಟ್ಟಿದರೆ ವ್ಯಾಪಾರಕ್ಕೆ ನಿಜವಾಗಿ ಉಪಯೋಗ ಆಗುತ್ತದೆಯೇ?

ಪ್ರಶ್ನೆ: "ನನ್ನದು ಸಣ್ಣ ಆನ್‌ಲೈನ್ ವ್ಯಾಪಾರ. ಒಂದು ಹವ್ಯಾಸಕ್ಕೆ ಬೇಕಾದ ಸಾಮಾನು ಮಾರುತ್ತೇನೆ. ಪೇಜ್‌ನಲ್ಲಿ ಏನು ಹಾಕಿದರೂ ಯಾರೂ ನೋಡುವುದಿಲ್ಲ. ಅದೇ ಹವ್ಯಾಸದವರ ಗ್ರೂಪ್ ಒಂದನ್ನು ಶುರು ಮಾಡಿದರೆ ನಾಲ್ಕೈದು ವರ್ಷದ ಲೆಕ್ಕದಲ್ಲಿ ಲಾಭ ಇದೆಯಾ? ಅಥವಾ ಸುಮ್ನೆ ಟೈಮ್ ವೇಸ್ಟಾ?"

ಲಾಭ ಇದೆ. ಆದರೆ ಗ್ರೂಪಿಗೆ ನಿಮ್ಮ ಅಂಗಡಿಯ ಹೆಸರಿಟ್ಟರೆ ಇಲ್ಲ. ಇದನ್ನು ನಾನು ಎಂಟು ತಿಂಗಳು ಹಾಳು ಮಾಡಿಕೊಂಡು ಕಲಿತೆ.

ನಾನು ಫೌಂಟನ್ ಪೆನ್ನಿನ ನಿಬ್, ಬಿಡಿಭಾಗ, ರಿಪೇರಿ ಸಾಮಾನು ಮಾರುತ್ತೇನೆ. ಮೊದಲು ಮಾಡಿದ ಗ್ರೂಪ್ ನನ್ನ ಅಂಗಡಿಯ ಹೆಸರಿನ "ಗ್ರಾಹಕರ ಬಳಗ". ಪರಿಚಯದವರನ್ನೆಲ್ಲ ಸೇರಿಸಿದೆ. ಪೋಸ್ಟ್ ಹಾಕುವವನು ನಾನೊಬ್ಬನೇ, ಲೈಕ್ ಒತ್ತುವವರು ನನ್ನ ತಂಗಿ ಮತ್ತು ಇಬ್ಬರು ಗೆಳೆಯರು. ಯೋಚಿಸಿದರೆ ತಪ್ಪು ಎಲ್ಲಿದೆ ಅಂತ ಗೊತ್ತಾಗುತ್ತದೆ. ಹವ್ಯಾಸದ ಮಾತಾಡಲು ಯಾರೂ ಒಂದು ಅಂಗಡಿಯ ಬೋರ್ಡಿನ ಕೆಳಗೆ ಬಂದು ಕೂರುವುದಿಲ್ಲ. ಚೆನ್ನಾಗಿ ತಿಳಿದವರಂತೂ ಬರುವುದೇ ಇಲ್ಲ. ಅವರು ಬರದಿದ್ದರೆ ಪ್ರಶ್ನೆ ಕೇಳುವವರೂ ಬರುವುದಿಲ್ಲ.

ಎರಡನೇ ಗ್ರೂಪಿಗೆ ಪೆನ್ ರಿಪೇರಿ ಅನ್ನುವ ಅರ್ಥದ ಹೆಸರನ್ನೇ ಇಟ್ಟೆ. ಜನ ಹುಡುಕುವಾಗ ಟೈಪ್ ಮಾಡುವುದು ಅದನ್ನೇ, ನನ್ನ ಅಂಗಡಿಯನ್ನಲ್ಲ. ಹೆಸರನ್ನು ಯೋಚಿಸಿ ಇಡಿ, 28 ದಿನಕ್ಕೆ ಒಮ್ಮೆ ಮಾತ್ರ ಬದಲಾಯಿಸಲು ಫೇಸ್‌ಬುಕ್ ಬಿಡುತ್ತದೆ. ಸೆಟ್ಟಿಂಗ್‌ನಲ್ಲಿ ಪ್ರೈವೇಟ್, ಆದರೆ ವಿಸಿಬಲ್ ಅಂತ ಇಟ್ಟೆ. ಹುಡುಕಿದವರಿಗೆ ಗ್ರೂಪ್ ಸಿಗುತ್ತದೆ, ಒಳಗಿನ ಪೋಸ್ಟ್ ಮಾತ್ರ ಸದಸ್ಯರಿಗಷ್ಟೇ ಕಾಣುತ್ತದೆ. "ನಿಬ್ ಯಾವ ಕಡೆ ತಿರುಗಿಸಿ ಹಾಕಬೇಕು?" ಅಂತ ಕೇಳಲು ಮುಜುಗರ ಪಡುವವರು ಬಹಳ ಜನ. ತಮ್ಮ ನೆಂಟರು, ಆಫೀಸಿನವರು ನೋಡುವುದಿಲ್ಲ ಅಂತ ಗೊತ್ತಾದರೆ ಕೇಳುತ್ತಾರೆ.

ಈ ಸಲ ಎಲ್ಲರನ್ನೂ ಎಳೆದು ತರಲಿಲ್ಲ. ಮೊದಲೇ ನನಗೆ ಮೆಸೇಜ್ ಮಾಡಿ ಏನಾದರೂ ಕೇಳಿದ್ದ ಸುಮಾರು ನಲವತ್ತು ಜನರನ್ನು ಮಾತ್ರ ಒಬ್ಬೊಬ್ಬರಾಗಿ ಕರೆದೆ. ಅವರಿಗೆ ಮೊದಲೇ ಕೇಳುವ ಅಭ್ಯಾಸ ಇತ್ತು, ಅದಕ್ಕೇ. ಬಾಯಿ ಬಿಡದ ಸಾವಿರ ಜನರಿಗಿಂತ ಆ ನಲವತ್ತೇ ಮೇಲು.

ಅಡ್ಮಿನ್ ಆದವರು ಮಾಡುವ ದೊಡ್ಡ ತಪ್ಪು ಎಲ್ಲದಕ್ಕೂ ಓಡಿ ಹೋಗಿ ಉತ್ತರ ಕೊಡುವುದು. ನಾನೂ ಮಾಡಿದ್ದೇನೆ. ಹತ್ತು ನಿಮಿಷದಲ್ಲಿ ನನ್ನ ಉತ್ತರ ಬಿದ್ದರೆ ಉಳಿದವರಿಗೆ ಹೇಳಲು ಏನೂ ಉಳಿಯುವುದಿಲ್ಲ. ಎರಡು ತಿಂಗಳಲ್ಲಿ ಗ್ರೂಪ್ ಹೋಗಿ ಕಸ್ಟಮರ್ ಕೇರ್ ಆಗುತ್ತದೆ. ಈಗ ಅರ್ಧ ದಿನ ಕಾಯುತ್ತೇನೆ. ಯಾರೂ ಮಾತಾಡದಿದ್ದರೆ, ಗೊತ್ತಿರುವ ಒಬ್ಬರನ್ನು ಟ್ಯಾಗ್ ಮಾಡಿ "ನೀವು ಇದನ್ನು ಸರಿ ಮಾಡಿದ್ರಿ ಅಲ್ವಾ?" ಅಂತ ಕೇಳುತ್ತೇನೆ. ಉತ್ತರ ತಪ್ಪಾಗಿದ್ದರೆ ಮಾತ್ರ ಬಾಯಿ ಹಾಕುತ್ತೇನೆ.

ಇದರಿಂದ ವ್ಯಾಪಾರಕ್ಕೆ ಏನು ಬಂತು? ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ.

ಒಬ್ಬ ಸದಸ್ಯರು ಒಂದು ಫೋಟೋ ಹಾಕಿದರು. ನೀಲಿ ಬೆರಳು, ಅರ್ಧ ಬರೆದ ಹಾಳೆ, ಅದರ ನಡುವೆ ದೊಡ್ಡ ಇಂಕಿನ ಮಚ್ಚೆ. "ಪೆನ್ನು ಕಕ್ಕುತ್ತೆ, ನಿಬ್ ಬದಲಾಯಿಸಬೇಕಾ?" ಅಂತ ಕೇಳಿದ್ದರು. ಅವರದು ಕೊಳವೆಗೇ ನೇರವಾಗಿ ಇಂಕ್ ಹುಯ್ಯುವ ಐಡ್ರಾಪರ್ ಪೆನ್. ಅಂಥ ಪೆನ್ನಿನಲ್ಲಿ ಇಂಕ್ ಕಡಿಮೆಯಾದಂತೆ ಒಳಗೆ ಗಾಳಿ ಜಾಸ್ತಿಯಾಗುತ್ತದೆ. ಕೈಯ ಬಿಸಿಗೆ ಆ ಗಾಳಿ ಹಿಗ್ಗಿ ಇಂಕನ್ನು ನಿಬ್ಬಿನ ಕಡೆಗೆ ತಳ್ಳುತ್ತದೆ. ನಿಬ್ಬಿನದು ಏನೂ ತಪ್ಪಿಲ್ಲ. ಇಂಕ್ ಮೂರನೇ ಒಂದು ಭಾಗಕ್ಕೆ ಇಳಿಯುವ ಮೊದಲೇ ಮತ್ತೆ ತುಂಬಿಸಿಕೊಂಡರೆ ತೊಂದರೆ ಬಹುಮಟ್ಟಿಗೆ ಹೋಗುತ್ತದೆ. ಇನ್ನೊಂದು ಕಾಯಿಲೆಯೂ ಇದೆ, ನೋಡಲು ಹೀಗೇ ಕಾಣುತ್ತದೆ: ತಿರುಪಿನ ಜಾಗದಿಂದ ಇಂಕ್ ಸೋರುವುದು. ಅದಕ್ಕೆ ತಿರುಪಿಗೆ ಸ್ವಲ್ಪ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಬೆರಳಿಗೆ ಇಂಕ್ ಆಗಿದ್ದರೆ ತಿರುಪು, ಹಾಳೆಯ ಮೇಲೆ ಬಿದ್ದಿದ್ದರೆ ಗಾಳಿ. ಎರಡೂ ಆಗಿದ್ದರೆ ಎರಡೂ. ಇಷ್ಟನ್ನು ಸದಸ್ಯರೇ ಬಿಡಿಸಿ ಹೇಳಿದರು, ನಾನು ಸುಮ್ಮನೆ ಓದಿಕೊಂಡಿದ್ದೆ.

ಗ್ರೂಪಿನೊಳಗಿನ ಹುಡುಕುವ ಜಾಗದಲ್ಲಿ "ಕಕ್ಕು" ಅಂತ ಹಾಕಿ ನೋಡಿದೆ. ಅದೇ ದೂರು ಆ ವರ್ಷ ಹನ್ನೊಂದು ಸಲ ಬಂದಿತ್ತು. ಆಗ ನನಗೆ ತಲೆಗೆ ಹೊಳೆಯಿತು. ನಮ್ಮಲ್ಲಿ "ಕೆಟ್ಟದ್ದು" ಅಂತ ವಾಪಸ್ ಬರುತ್ತಿದ್ದ ನಿಬ್‌ಗಳಲ್ಲಿ ಬಹಳಷ್ಟು ಕೆಟ್ಟಿರಲೇ ಇಲ್ಲ. ಜನ ತಪ್ಪು ಕಾರಣ ಹಿಡಿದು ನಿಬ್ ಕೊಂಡು, ಅದೂ ಕಕ್ಕಿದಾಗ ವಾಪಸ್ ಕಳಿಸುತ್ತಿದ್ದರು. ನಾನು ಎರಡು ಕೆಲಸ ಮಾಡಿದೆ. ಪ್ರತಿ ನಿಬ್ಬಿನ ಜೊತೆ ಬೆರಳು ಮತ್ತು ಹಾಳೆ ನೋಡುವ ಆ ಪರೀಕ್ಷೆಯನ್ನು ಒಂದು ಚೀಟಿಯಲ್ಲಿ ಅಚ್ಚು ಹಾಕಿ ಇಟ್ಟೆ. ಗ್ರೀಸ್, ರಬ್ಬರ್ ಓ-ರಿಂಗ್, ತೊಳೆಯುವ ಬಲ್ಬ್ ಸೇರಿಸಿ ಒಂದು ಸಣ್ಣ ಕಿಟ್ ಮಾಡಿದೆ. ಮೊದಲು ಅದರ ಹೆಸರು "ಸೋರಿಕೆ ನಿರೋಧಕ ಕಿಟ್" ಅಂತಿತ್ತು, ಯಾರೂ ಮೂಸಿ ನೋಡಲಿಲ್ಲ. "ಪೆನ್ನು ಸೋರುತ್ತಾ, ಕಕ್ಕುತ್ತಾ?" ಅಂತ ಬದಲಾಯಿಸಿದೆ, ಆಮೇಲೆ ಹೋಗತೊಡಗಿತು. ವಾಪಸ್ ಬರುವ ನಿಬ್‌ಗಳೂ ಇಳಿದವು. ಈ ಮಾತು ನನಗೆ ಗ್ರೂಪ್ ಕೊಟ್ಟದ್ದು. ಜನ ತಮ್ಮ ತೊಂದರೆಗೆ ಯಾವ ಮಾತು ಬಳಸುತ್ತಾರೆ ಅಂತ ಜಾಹೀರಾತಿನ ಏಜೆನ್ಸಿಗೆ ದುಡ್ಡು ಕೊಟ್ಟರೂ ಗೊತ್ತಾಗುತ್ತಿರಲಿಲ್ಲ.

ನೇರ ಮಾರಾಟದ ಬಗ್ಗೆ ಹೇಳುವುದಾದರೆ, ಮೊದಲ ವರ್ಷ ಹೆಚ್ಚು ಕಡಿಮೆ ಸೊನ್ನೆ. ಗ್ರೂಪಿನ ಲಿಂಕ್ ಒತ್ತಿ ಬಂದು ಕೊಳ್ಳುವವರು ಈಗಲೂ ಕಡಿಮೆ. ಆದರೆ ಆರ್ಡರ್ ಮಾಡುವಾಗ "ನಮ್ಮ ಬಗ್ಗೆ ಎಲ್ಲಿ ಗೊತ್ತಾಯ್ತು?" ಅಂತ ಒಂದು ಖಾಲಿ ಜಾಗ ಇಟ್ಟಿದ್ದೇನೆ. ಅಲ್ಲಿ ಗ್ರೂಪಿನ ಹೆಸರು ಬರೆಯುವವರು ಲಿಂಕಿನಿಂದ ಬಂದವರಿಗಿಂತ ಎಷ್ಟೋ ಪಾಲು ಹೆಚ್ಚು. ಹಲವರು ಗ್ರೂಪಿಗೆ ಸೇರಿಕೊಂಡು ಆರು ತಿಂಗಳು, ಒಂದು ವರ್ಷ ಸುಮ್ಮನೆ ಓದುತ್ತಾರೆ, ಆಮೇಲೆ ಗೂಗಲ್‌ನಲ್ಲಿ ಅಂಗಡಿಯ ಹೆಸರು ಹುಡುಕಿ ಬರುತ್ತಾರೆ. ಲಿಂಕಿನ ಲೆಕ್ಕ ಮಾತ್ರ ನೋಡಿದ್ದರೆ ನಾನು ಎರಡನೇ ವರ್ಷವೇ ಗ್ರೂಪ್ ಮುಚ್ಚುತ್ತಿದ್ದೆ.

ಒಳಗೆ ಮಾರುವುದಕ್ಕೆ ಒಂದೇ ನಿಯಮ ಇಟ್ಟಿದ್ದೇನೆ. ತಿಂಗಳಿಗೆ ಒಂದು ಮಾರಾಟದ ಪೋಸ್ಟ್, ಅದರ ಕಾಮೆಂಟಿನಲ್ಲಿ ಯಾರು ಬೇಕಾದರೂ ತಮ್ಮದನ್ನು ಹಾಕಬಹುದು. ನನ್ನ ಜೊತೆ ಪೈಪೋಟಿಯಲ್ಲಿರುವವರೂ ಹಾಕುತ್ತಾರೆ. ಹೊಟ್ಟೆ ಉರಿಯುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಅವರನ್ನು ತಡೆದ ದಿನ ಇದು ಮತ್ತೆ "ಗ್ರಾಹಕರ ಬಳಗ" ಆಗುತ್ತದೆ. ನನ್ನ ಸಾಮಾನಿನ ಮಾತು ಬಂದಾಗಲೆಲ್ಲ "ಇದನ್ನು ಮಾರುವವನು ನಾನೇ" ಅಂತ ಮೊದಲೇ ಹೇಳುತ್ತೇನೆ. ಒಮ್ಮೆ ನನ್ನ ನಿಬ್ ಗೀರುತ್ತದೆ ಅಂತ ಒಬ್ಬರು ಬರೆದದ್ದನ್ನು ಸಿಟ್ಟಿನಲ್ಲಿ ಅಳಿಸಿದೆ. ಒಂದು ಗಂಟೆಯೊಳಗೆ ಅದರ ಸ್ಕ್ರೀನ್‌ಶಾಟ್ ಗ್ರೂಪಿನಲ್ಲೇ ಬಿತ್ತು. ಮೂವರು ಹಳಬರು ಬಿಟ್ಟು ಹೋದರು. ಅವರಲ್ಲಿ ಒಬ್ಬರು ನಿಬ್ ತಿಕ್ಕುವುದರಲ್ಲಿ ನನಗಿಂತ ಗಟ್ಟಿಗರು. ಎಷ್ಟು ಕರೆದರೂ ಮತ್ತೆ ಬರಲಿಲ್ಲ.

ಸದಸ್ಯರ ಸಂಖ್ಯೆ ನೋಡಿ ಖುಷಿ ಪಡಬೇಡಿ. ನಾನು ನೋಡುವುದು ಎರಡನ್ನು. ಕೊನೆಯ ಹತ್ತು ಪೋಸ್ಟ್‌ಗಳಲ್ಲಿ ನನ್ನದು ಎಷ್ಟು? ಎರಡಕ್ಕಿಂತ ಜಾಸ್ತಿ ಆದರೆ ಗ್ರೂಪ್ ಸೊರಗುತ್ತಿದೆ. ಹೊಸಬರ ಪ್ರಶ್ನೆಗೆ ಮೊದಲ ಉತ್ತರ ನನ್ನದೋ ಬೇರೆಯವರದೋ? ಒಳಗೆ ಬರಲು ಮೂರು ಪ್ರಶ್ನೆ ಇಡಲು ಅವಕಾಶ ಇದೆ, ಇಡಿ. ಯಾವ ಪೆನ್ ಬಳಸುತ್ತೀರಿ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ ಅಂತ ನಾನು ಕೇಳುತ್ತೇನೆ. ಖಾಲಿ ಬಿಟ್ಟವರನ್ನು, ಖಾತೆ ತೆರೆದು ನಾಲ್ಕು ದಿನವೂ ಆಗದವರನ್ನು ಸೇರಿಸುವುದಿಲ್ಲ. ಸ್ಪ್ಯಾಮ್ ಬಹುಪಾಲು ಅಲ್ಲೇ ನಿಲ್ಲುತ್ತದೆ, ಉಳಿದ ಲಿಂಕ್‌ಗಳನ್ನು ಅಡ್ಮಿನ್ ಅಸಿಸ್ಟ್ ಅನ್ನುವ ಫೇಸ್‌ಬುಕ್‌ನದೇ ಸೌಲಭ್ಯ ತಡೆಯುತ್ತದೆ.

ಮೂರನೇ ಪ್ರಶ್ನೆ ಇಮೇಲ್. ಇಷ್ಟವಿದ್ದರೆ ಮಾತ್ರ, ತಿಂಗಳಿಗೆ ಒಂದು ರಿಪೇರಿ ಪತ್ರ ಕಳಿಸುತ್ತೇನೆ ಅಂತ ಅಲ್ಲೇ ಹೇಳಿಬಿಡುತ್ತೇನೆ. ಅಪ್ರೂವ್ ಒತ್ತುವ ಮೊದಲೇ ಅದನ್ನು ಶೀಟ್‌ಗೆ ಬರೆದುಕೊಳ್ಳಿ. ಮೇಲಿನ ಕೆಲಸ ತಪ್ಪಿದರೂ ಪರವಾಗಿಲ್ಲ, ಇದನ್ನು ತಪ್ಪಿಸಬೇಡಿ. ಯಾಕೆಂದರೆ ಜಾಗ ನಮ್ಮದಲ್ಲ. 2018ರ ಜನವರಿಯಲ್ಲಿ ಫೇಸ್‌ಬುಕ್ ಗೆಳೆಯರು, ಮನೆಯವರು ಹಾಕಿದ್ದನ್ನು ಮುಂದೆ ತರುತ್ತೇವೆ ಅಂತ ಹೇಳಿದ ಮೇಲೆ ಪೇಜ್‌ಗಳ ಗತಿ ಏನಾಯಿತು ಅಂತ ನಿಮಗೇ ಗೊತ್ತಿದೆ. 2024ರ ಏಪ್ರಿಲ್‌ನಲ್ಲಿ, ಹೊರಗಿನ ಟೂಲ್‌ಗಳನ್ನು ಗ್ರೂಪಿಗೆ ಜೋಡಿಸುತ್ತಿದ್ದ ಗ್ರೂಪ್ಸ್ ಎಪಿಐ ತೆಗೆದುಹಾಕಿದರು. ಹೊರಗಿನ ಟೂಲ್‌ನಲ್ಲಿ ಪೋಸ್ಟ್ ಶೆಡ್ಯೂಲ್ ಮಾಡಿಟ್ಟು ನಿದ್ದೆ ಮಾಡುತ್ತಿದ್ದವರ ಕೆಲಸ ಒಂದೇ ಸಲಕ್ಕೆ ನಿಂತಿತು. 2025ರ ಜೂನ್‌ನಲ್ಲಿ ತಾಂತ್ರಿಕ ತಪ್ಪಿನಿಂದ ಏನೂ ಮಾಡದ ಎಷ್ಟೋ ಗ್ರೂಪ್‌ಗಳು ಅಮಾನತಾದವು. ಇನ್ನೊಬ್ಬ ನಂಬಿಕೆಯ ಅಡ್ಮಿನ್ ಇರಲಿ, ಇಬ್ಬರ ಖಾತೆಗೂ ಎರಡು ಹಂತದ ಲಾಗಿನ್ ಇರಲಿ. ಒಳ್ಳೆಯ ಉತ್ತರಗಳನ್ನು, ಬರೆದವರನ್ನು ಕೇಳಿ, ಅವರ ಹೆಸರಿನೊಂದಿಗೆ ನಿಮ್ಮ ವೆಬ್‌ಸೈಟಿಗೂ ಹಾಕಿಕೊಳ್ಳಿ.

ದಿನಕ್ಕೆ ಅರ್ಧ ಗಂಟೆ ಬೇಕು, ರಜೆ ಇಲ್ಲ. ಶುರು ಮಾಡುವ ಮೊದಲು ಒಂದು ಹಾಳೆ ತೆಗೆದುಕೊಂಡು, ನಿಮ್ಮ ಹವ್ಯಾಸದವರು ನಿಮ್ಮನ್ನು ನಿಜವಾಗಿ ಕೇಳಿರುವ ಪ್ರಶ್ನೆಗಳನ್ನು ಬರೆಯಿರಿ. ಬೆಲೆ, ಡೆಲಿವರಿ ಲೆಕ್ಕಕ್ಕಿಲ್ಲ. ಇಪ್ಪತ್ತು ಬಂದರೆ ಗ್ರೂಪ್ ಮಾಡಿ. ಆರೋ ಏಳಕ್ಕೋ ನಿಂತುಬಿಟ್ಟರೆ ಜನಕ್ಕೆ ಅಲ್ಲಿ ಮಾತಾಡಲು ಅಷ್ಟು ವಿಷಯ ಇಲ್ಲ ಅಂತ ಅರ್ಥ. ಆಗ ಆ ಆರಕ್ಕೂ ಒಂದೊಂದು ವಿಡಿಯೋ ಮಾಡಿ ಹಾಕಿ, ಗ್ರೂಪಿನ ಸಹವಾಸ ಬೇಡ.