ಎದೆಹಾಲಿಗೆ ಇಳಿಯದ ಬಿ12: ಒಂದು ಆಪ್ತಸಲಹೆ ಪ್ರಕರಣ

ಪಥ್ಯಾಹಾರದ ಸಲಹೆಗೆಂದು ಬಂದಿದ್ದ ಈ ತಾಯಿಗೆ 29 ವರ್ಷ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆಹಾರ, ಲಕ್ಷಣ ಮತ್ತು ಚಿಕಿತ್ಸೆಯ ಸಂಗತಿಗಳನ್ನು ಬದಲಿಸಿಲ್ಲ. ಹುಟ್ಟಿನಿಂದಲೂ ಸಸ್ಯಾಹಾರಿಯಾದ ಅವರು ಆರು ವರ್ಷಗಳಿಂದ ಹಾಲು, ಮೊಸರು, ತುಪ್ಪವನ್ನೂ ಬಿಟ್ಟಿದ್ದರು. ಎರಡೂ ಪಾದಗಳಲ್ಲಿ ಜೋಮು, ಕತ್ತಲೆಯಲ್ಲಿ ನಡೆಯುವಾಗ ಕಾಲು ಎಲ್ಲಿ ಊರುತ್ತಿದ್ದೇನೆ ಎಂಬುದೇ ತಿಳಿಯದಂತಹ ಅಳುಕು, ನಿದ್ದೆ ಮಾಡಿದರೂ ಹೋಗದ ಆಯಾಸ, ಇವು ಅವರು ಹೇಳಿದ ತೊಂದರೆಗಳು. ಹೆರಿಗೆಯಾದ ಮೇಲೆ ಎಲ್ಲರಿಗೂ ಹೀಗೆಯೇ ಇರುತ್ತದೆ ಎಂದು ಮನೆಯವರು ಸಮಾಧಾನ ಹೇಳಿದ್ದರಂತೆ.

ಗಿಡಗಳಿಂದ ಸಿಗದ ವಿಟಮಿನ್ ಬಿ12ರ ಬಗ್ಗೆ ಅವರಿಗೆ ಅರಿವಿಲ್ಲದಿರಲಿಲ್ಲ. ಅದಕ್ಕಾಗಿಯೇ ದಿನವೂ ಸ್ಪಿರುಲಿನಾ ಎಂಬ ಪಾಚಿಯ ಮಾತ್ರೆ ನುಂಗುತ್ತಿದ್ದರು, ಹುದುಗು ಬಂದ ಸೋಯಾ ಮತ್ತು ತರಕಾರಿಗಳನ್ನು ವಾರದಲ್ಲಿ ಹಲವು ಬಾರಿ ತಿನ್ನುತ್ತಿದ್ದರು. ಗರ್ಭಿಣಿಯಾಗಿದ್ದಾಗ ಆರಂಭಿಸಿದ ಫೋಲಿಕ್ ಆಮ್ಲದ ಮಾತ್ರೆಯನ್ನೂ ನಿಲ್ಲಿಸಿರಲಿಲ್ಲ. "ಮೇಡಂ, ರಕ್ತ ಪರೀಕ್ಷೆಯನ್ನೂ ಮಾಡಿಸಿದ್ದೇನೆ, ಎಲ್ಲ ಸರಿಯಾಗಿದೆ," ಎಂದು ವರದಿಯನ್ನು ಮುಂದಿಟ್ಟರು. ಹಿಮೋಗ್ಲೋಬಿನ್ 12.1, ಕೆಂಪು ರಕ್ತಕಣಗಳ ಗಾತ್ರ ಸಹಜ, ಬಿ12 ಪ್ರತಿ ಮಿಲಿಲೀಟರಿಗೆ 268 ಪಿಕೋಗ್ರಾಂ. ಆ ಪ್ರಯೋಗಾಲಯದ ಕೆಳಮಿತಿ 200 ಆಗಿದ್ದುದರಿಂದ ವರದಿಯಲ್ಲಿ ಯಾವ ಎಚ್ಚರಿಕೆಯ ಗುರುತೂ ಇರಲಿಲ್ಲ.

ನನ್ನ ಗಮನ ಸೆಳೆದದ್ದು ಅವರ ಮಡಿಲಲ್ಲಿದ್ದ ಮಗು. ಆರು ತಿಂಗಳು ತುಂಬುತ್ತಾ ಬಂದಿದ್ದ ಆ ಹೆಣ್ಣುಮಗುವಿಗೆ ಎದೆಹಾಲು ಬಿಟ್ಟು ಬೇರೇನನ್ನೂ ಕೊಟ್ಟಿರಲಿಲ್ಲ. ಕೇಳುತ್ತಾ ಹೋದಂತೆ ತಾಯಿ ಹೇಳಿದರು: ನಾಲ್ಕನೆಯ ತಿಂಗಳಲ್ಲಿ ಮುಖ ನೋಡಿ ನಗುತ್ತಿದ್ದ ಮಗು ಈಗ ಅಷ್ಟಾಗಿ ನಗುವುದಿಲ್ಲ, ನಿಂತಿದ್ದ ಕತ್ತು ಮತ್ತೆ ವಾಲುತ್ತದೆ, ಮಗುಚಿಕೊಳ್ಳುವ ಪ್ರಯತ್ನವನ್ನೂ ಬಿಟ್ಟಿದೆ, ಎರಡು ತಿಂಗಳಿಂದ ತೂಕ ಏರಿಲ್ಲ. ಮಗು ಬಹಳ ಸಾಧು, ಹಟವೇ ಇಲ್ಲ ಎಂದು ಮನೆಯಲ್ಲಿ ಎಲ್ಲರೂ ಮೆಚ್ಚಿಕೊಂಡಿದ್ದರು. ಕಲಿತದ್ದನ್ನು ಮರೆಯುತ್ತಿರುವ ಶಿಶುವನ್ನು ಸಾಧು ಎಂದುಕೊಂಡು ಸುಮ್ಮನಿರಬಾರದು. ಆಹಾರದ ಮಾತನ್ನು ಅಲ್ಲಿಗೇ ನಿಲ್ಲಿಸಿ, ತಾಯಿ ಮಗು ಇಬ್ಬರನ್ನೂ ಅದೇ ದಿನ ಮಕ್ಕಳ ತಜ್ಞರಲ್ಲಿಗೆ ಕಳುಹಿಸಿದೆ. ತಾಯಿಯ ಆಹಾರಕ್ರಮ ಮತ್ತು ಪಾದಗಳ ಜೋಮನ್ನು ಪತ್ರದಲ್ಲಿ ವಿವರವಾಗಿ ಬರೆದು, ಮಿಥೈಲ್‌ಮಲೋನಿಕ್ ಆಮ್ಲ ಮತ್ತು ಹೋಮೋಸಿಸ್ಟೀನ್ ಪರೀಕ್ಷೆಗಳನ್ನು ಪರಿಶೀಲಿಸಬೇಕೆಂದು ಕೋರಿದೆ.

ಈ ಎರಡು ಪರೀಕ್ಷೆಗಳನ್ನೇ ಕೇಳಲು ಕಾರಣವಿದೆ. ರಕ್ತದಲ್ಲಿ ಅಳೆಯುವ ಬಿ12ರಲ್ಲಿ ಹೆಚ್ಚಿನ ಪಾಲು, ಸುಮಾರು ಐದರಲ್ಲಿ ನಾಲ್ಕು ಭಾಗ, ಹ್ಯಾಪ್ಟೊಕೊರಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಅದು ನರಕ್ಕಾಗಲಿ ಮಜ್ಜೆಗಾಗಲಿ ತಲುಪುವ ಪಾಲಲ್ಲ. ಜೀವಕೋಶಗಳಿಗೆ ಸಾಗುವುದು ಟ್ರಾನ್ಸ್‌ಕೋಬಾಲಮಿನ್ ಹೊತ್ತಿರುವ ಉಳಿದ ಪಾಲು ಮಾತ್ರ. ಹಾಗಾಗಿ 200ರಿಂದ 300ರ ನಡುವಿನ ಸಂಖ್ಯೆಯನ್ನು ನೋಡಿದ ಮಾತ್ರಕ್ಕೆ ಕೊರತೆಯಿಲ್ಲ ಎಂದು ಹೇಳಲಾಗದು. ಜೀವಕೋಶದ ಒಳಗೆ ಬಿ12 ಸಾಲದಾದಾಗ ಅದು ಮಾಡಬೇಕಿದ್ದ ಕೆಲಸ ನಿಂತು ಈ ಎರಡು ವಸ್ತುಗಳು ರಕ್ತದಲ್ಲಿ ಶೇಖರವಾಗುತ್ತವೆ. ಫೋಲಿಕ್ ಆಮ್ಲದ ಸಹಜ ರೂಪವಾದ ಫೋಲೇಟ್ ಕಡಿಮೆಯಾದಾಗಲೂ ಹೋಮೋಸಿಸ್ಟೀನ್ ಏರುತ್ತದೆ. ಮೂತ್ರಪಿಂಡ ಸರಿಯಾಗಿರುವವರಲ್ಲಿ ಮಿಥೈಲ್‌ಮಲೋನಿಕ್ ಆಮ್ಲದ ಏರಿಕೆ ಬಹುಮಟ್ಟಿಗೆ ಬಿ12ರ ಕೊರತೆಯನ್ನೇ ತೋರಿಸುತ್ತದೆ. ಈ ತಾಯಿಯಲ್ಲಿ ಅದು ಪ್ರತಿ ಲೀಟರಿಗೆ 1.1 ಮೈಕ್ರೋಮೋಲ್ ಇತ್ತು, 0.4ರ ಮೇಲಿದ್ದರೆ ಸಾಮಾನ್ಯವಾಗಿ ಹೆಚ್ಚೆಂದು ಪರಿಗಣಿಸುತ್ತಾರೆ. ಮಗುವಿನಲ್ಲಿ ಅದು ಇನ್ನೂ ಹೆಚ್ಚಾಗಿತ್ತು, ರಕ್ತಹೀನತೆಯೂ ಕಂಡಿತು.

ತಾಯಿಗೆ ಏಕೆ ರಕ್ತಹೀನತೆ ಬರಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಅವರ ಫೋಲಿಕ್ ಆಮ್ಲದ ಮಾತ್ರೆಯಲ್ಲಿದೆ. ಬಿ12 ಇಲ್ಲದಾಗ ದೇಹದ ಫೋಲೇಟ್ ಬಳಕೆಗೆ ಬಾರದ ರೂಪದಲ್ಲಿ ಸಿಕ್ಕಿಕೊಳ್ಳುವುದರಿಂದಲೇ ಕೆಂಪು ಕಣಗಳು ದೊಡ್ಡದಾಗಿ, ಸಂಖ್ಯೆಯಲ್ಲಿ ಕಡಿಮೆಯಾಗುತ್ತವೆ. ಹೊರಗಿನಿಂದ ಫೋಲಿಕ್ ಆಮ್ಲ ಕೊಟ್ಟರೆ ರಕ್ತದ ಚಿತ್ರ ಸುಧಾರಿಸುತ್ತದೆ, ನರಗಳಿಗೆ ಆಗುವ ಹಾನಿ ಮಾತ್ರ ತನ್ನ ಪಾಡಿಗೆ ಮುಂದುವರಿಯುತ್ತದೆ. ಕಾಳು, ಸೊಪ್ಪು ಧಾರಾಳವಾಗಿ ತಿನ್ನುವ ಸಸ್ಯಾಹಾರಿಗಳಲ್ಲಿ ಮಾತ್ರೆಯಿಲ್ಲದೆಯೂ ಇದು ಸ್ವಲ್ಪಮಟ್ಟಿಗೆ ನಡೆಯಬಹುದು. ಆದ್ದರಿಂದ ಹಿಮೋಗ್ಲೋಬಿನ್ ಚೆನ್ನಾಗಿದೆ ಎಂದು ಪಾದಗಳ ಜೋಮನ್ನು ಬದಿಗಿಡಬಾರದೆಂದು ನಾನು ಪ್ರತಿಯೊಬ್ಬ ಸಸ್ಯಾಹಾರಿಗೂ ಹೇಳುತ್ತೇನೆ.

ಎರಡನೆಯ ಭೇಟಿಯಲ್ಲಿ ಅವರು ನೋವಿನಿಂದ ಕೇಳಿದ ಪ್ರಶ್ನೆ ಒಂದೇ: "ಇಷ್ಟೆಲ್ಲ ಜಾಗ್ರತೆಯಾಗಿ ತಿಂದೆನಲ್ಲ, ಅದೆಲ್ಲ ಎಲ್ಲಿಗೆ ಹೋಯಿತು?" ಈ ಪ್ರಶ್ನೆಗೆ ಪೂರ್ಣ ಉತ್ತರ ಪಡೆಯುವ ಹಕ್ಕು ಅವರಿಗಿತ್ತು. ಬಿ12 ಅನ್ನು ತಯಾರಿಸಬಲ್ಲವು ಕೆಲವು ಬ್ಯಾಕ್ಟೀರಿಯಾಗಳು ಮತ್ತು ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳು ಮಾತ್ರ. ಗಿಡಗಳು ಅದನ್ನು ತಯಾರಿಸುವುದಿಲ್ಲ, ಅವುಗಳಿಗೆ ಅದು ಬೇಕಾಗಿಯೂ ಇಲ್ಲ. ಹುದುಗು ಎಂದರೆ ಬ್ಯಾಕ್ಟೀರಿಯಾ, ಬ್ಯಾಕ್ಟೀರಿಯಾ ಎಂದರೆ ಬಿ12 ಎಂಬ ತರ್ಕ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಆದರೆ ಹಿಟ್ಟನ್ನು ಅಥವಾ ತರಕಾರಿಯನ್ನು ಹುಳಿ ಬರಿಸುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಬಿ12 ತಯಾರಿಸುವುದಿಲ್ಲ. ಯೀಸ್ಟ್ ಕೂಡ ತಯಾರಿಸುವುದಿಲ್ಲ. ಯೀಸ್ಟ್ ಪುಡಿಯ ಡಬ್ಬಿಯ ಮೇಲೆ ಬಿ12 ಎಂದು ಬರೆದಿದ್ದರೆ ಅದು ಕಾರ್ಖಾನೆಯಲ್ಲಿ ಬೆರೆಸಿದ್ದು. ಹುದುಗಿಸಿದ ಸೋಯಾ ತಿನಿಸಾದ ಟೆಂಪೆಯನ್ನು ಮಾಡುವುದು ಒಂದು ಬಗೆಯ ಬೂಷ್ಟು, ಅದೂ ಬಿ12 ಕೊಡುವುದಿಲ್ಲ. ಕೆಲವು ಟೆಂಪೆಗಳಲ್ಲಿ ಬಿ12 ಕಂಡುಬಂದಿರುವುದು ತಯಾರಿಕೆಯ ವೇಳೆ ಹೊರಗಿನಿಂದ ಸೇರಿಕೊಂಡ ಬೇರೆ ಬ್ಯಾಕ್ಟೀರಿಯಾಗಳಿಂದ. ಸ್ವಚ್ಛವಾಗಿ ಮಾಡಿದಷ್ಟೂ ಅದು ಕಡಿಮೆಯಾಗುತ್ತದೆ, ಒಂದು ಸಲ ಮಾಡಿದ್ದರಲ್ಲಿ ಇದ್ದದ್ದು ಮತ್ತೊಂದು ಸಲ ಮಾಡಿದ್ದರಲ್ಲಿ ಇರುವುದಿಲ್ಲ. ಇಂತಹ ಆಕಸ್ಮಿಕವನ್ನು ನಂಬಿ ಒಂದು ಶಿಶುವಿನ ನರಗಳನ್ನು ಬೆಳೆಸಲಾಗದು.

ಸ್ಪಿರುಲಿನಾದ ಸಂಗತಿ ಇನ್ನೂ ಸೂಕ್ಷ್ಮ. ಅದರಲ್ಲಿ ಹೆಚ್ಚಾಗಿರುವುದು ಹುಸಿ ಬಿ12, ಅಂದರೆ ರಚನೆಯಲ್ಲಿ ಒಂದು ತುದಿ ಮಾತ್ರ ಬೇರೆಯಾದ ಅಣು. ನಮ್ಮ ಜಠರ ಸ್ರವಿಸುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನು ನಿಜವಾದ ಬಿ12 ಅನ್ನು ಹಿಡಿದು ಸಣ್ಣಕರುಳಿನ ಕೊನೆಯ ಭಾಗಕ್ಕೆ ಒಯ್ಯುತ್ತದೆ. ತುದಿ ಬೇರೆಯಾದ ಈ ಅಣುವನ್ನು ಅದು ಸರಿಯಾಗಿ ಹಿಡಿಯುವುದಿಲ್ಲ. ಆಹಾರದ ಬಿ12 ಅಳೆಯಲು ಹಿಂದಿನಿಂದ ಬಳಕೆಯಲ್ಲಿರುವ ಬ್ಯಾಕ್ಟೀರಿಯಾ ಆಧಾರಿತ ವಿಧಾನವು ನಿಜವಾದದ್ದನ್ನೂ ಹುಸಿಯನ್ನೂ ಒಟ್ಟಿಗೆ ಎಣಿಸುವುದರಿಂದ ಸೀಸೆಯ ಮೇಲೆ ದೊಡ್ಡ ಸಂಖ್ಯೆ ಕಾಣಿಸಿಕೊಳ್ಳುತ್ತದೆ. ಬಿ12 ಕೊರತೆಯಿದ್ದ ಮಕ್ಕಳಿಗೆ ಪಾಚಿಗಳನ್ನು ತಿನ್ನಿಸಿ ನೋಡಿದ ಒಂದು ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಅದರಲ್ಲಿ ರಕ್ತದ ಬಿ12 ಅಂಕಿ ಏರಿತಾದರೂ ಕೆಂಪು ಕಣಗಳ ಸ್ಥಿತಿ ಸುಧಾರಿಸಲಿಲ್ಲ. ಹಾಗಾಗಿ ಪಾಚಿ ಸೇವಿಸುವವರ ರಕ್ತದ ಅಂಕಿಯನ್ನು ಎಚ್ಚರದಿಂದ ಓದಬೇಕಾಗುತ್ತದೆ. ನಮ್ಮ ಕರುಳಿನ ಬ್ಯಾಕ್ಟೀರಿಯಾಗಳೇ ಬಿ12 ಕೊಡುವುದಿಲ್ಲವೇ ಎಂದೂ ಅವರು ಕೇಳಿದರು. ಕೊಡುತ್ತವೆ, ಆದರೆ ಅದು ಬಹುಪಾಲು ದೊಡ್ಡಕರುಳಿನಲ್ಲಿ, ಹೀರಿಕೊಳ್ಳುವ ಸ್ಥಳವನ್ನು ದಾಟಿದ ಮೇಲೆ.

ಆರು ವರ್ಷ ತಾಯಿಗೆ ಅಷ್ಟಾಗಿ ಏನೂ ಆಗದೆ ಮಗುವಿಗೆ ಆರು ತಿಂಗಳೊಳಗೇ ಹೀಗಾದದ್ದು ಸಂಗ್ರಹದ ವ್ಯತ್ಯಾಸದಿಂದ. ವಯಸ್ಕರ ದೇಹದಲ್ಲಿ, ಹೆಚ್ಚಾಗಿ ಯಕೃತ್ತಿನಲ್ಲಿ, 2ರಿಂದ 5 ಮಿಲಿಗ್ರಾಂ ಬಿ12 ಇರುತ್ತದೆ, ಅದು ವರ್ಷಗಟ್ಟಲೆ ಬರುತ್ತದೆ. ಶಿಶು ಅದರ ಬಹಳ ಸಣ್ಣ ಅಂಶವನ್ನಷ್ಟೇ ಹೊತ್ತು ಹುಟ್ಟುತ್ತದೆ. ತಾಯಿಯಲ್ಲೇ ಕೊರತೆಯಿದ್ದರೆ ಅದೂ ಅರೆಬರೆ, ಎದೆಹಾಲಿನಲ್ಲಿಯೂ ಬಿ12 ಕಡಿಮೆ. ಇಂತಹ ಶಿಶುಗಳಲ್ಲಿ ಲಕ್ಷಣಗಳು ಸಾಮಾನ್ಯವಾಗಿ ನಾಲ್ಕರಿಂದ ಹನ್ನೆರಡು ತಿಂಗಳ ನಡುವೆ ಕಾಣಿಸುತ್ತವೆ. ತಡವಾದಷ್ಟೂ ಬೆಳವಣಿಗೆಯಲ್ಲಿ ಶಾಶ್ವತ ಕೊರತೆ ಉಳಿಯುವ ಅಪಾಯ ಹೆಚ್ಚು. ಅತಿ ಹೆಚ್ಚು ಅಪಾಯದಲ್ಲಿರುವವರು ಯಾರು ಎಂದು ಕೇಳಿದರೆ ನನ್ನ ಮೊದಲ ಉತ್ತರ ಈ ಶಿಶುಗಳೇ.

ಚಿಕಿತ್ಸೆಯನ್ನು ವೈದ್ಯರು ನಿರ್ಧರಿಸಿದರು. ಇಬ್ಬರಿಗೂ ಚುಚ್ಚುಮದ್ದು ಆರಂಭವಾಯಿತು. ಚಿಕಿತ್ಸೆ ಶುರುವಾದ ಮೇಲೆ ಕೆಲವು ಶಿಶುಗಳಲ್ಲಿ ಕೆಲಕಾಲ ನಡುಕ ಕಾಣಿಸಿಕೊಳ್ಳಬಹುದು, ಗಾಬರಿಯಾಗಿ ಔಷಧ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು ಎಂದು ಮೊದಲೇ ಹೇಳಿಟ್ಟಿದ್ದೆವು. ಎದೆಹಾಲು ನಿಲ್ಲಿಸಬೇಕೇ ಎಂಬ ಅವರ ಆತಂಕಕ್ಕೆ, ತಾಯಿಗೆ ಬಿ12 ಸಿಕ್ಕರೆ ಹಾಲಿಗೂ ಸಿಗುತ್ತದೆ, ನಿಲ್ಲಿಸುವ ಅಗತ್ಯವಿಲ್ಲ ಎಂದೆ.

ನನ್ನ ಪಾಲಿನ ಸಲಹೆ ಚುಚ್ಚುಮದ್ದು ಮುಗಿದ ನಂತರದ್ದು. ಹಾಲು, ಮೊಸರಿಗೆ ಮರಳಿ ಎಂದು ನಾನು ಒತ್ತಾಯಿಸಲಿಲ್ಲ. ಅವರ ನಿಲುವು ಆಳವಾದದ್ದು; ಬಿ12 ಮಾತ್ರೆಯ ಮದ್ದು ಬ್ಯಾಕ್ಟೀರಿಯಾಗಳನ್ನು ಬೆಳೆಸಿ ತೆಗೆಯುವಂಥದ್ದಾದ್ದರಿಂದ ಆ ನಿಲುವಿಗೆ ಅದು ವಿರೋಧವೂ ಅಲ್ಲ. ಕ್ಯಾಪ್ಸೂಲಿನ ಹೊದಿಕೆ ಪ್ರಾಣಿಮೂಲದ ಜೆಲಾಟಿನ್ ಅಲ್ಲವೆಂದು ನೋಡಿಕೊಂಡರೆ ಸಾಕು. ಪ್ರಮಾಣವನ್ನು ಲೆಕ್ಕ ಹಾಕಿಯೇ ತೋರಿಸಿದೆ. ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 2.8 ಮೈಕ್ರೋಗ್ರಾಂ ಬೇಕೆಂದು ಶಿಫಾರಸು ಇದೆ. ಇಂಟ್ರಿನ್ಸಿಕ್ ಫ್ಯಾಕ್ಟರ್ ಮೂಲಕ ಒಂದು ಬಾರಿಗೆ ದೇಹಕ್ಕೆ ಸೇರುವುದು ಸುಮಾರು ಒಂದೂವರೆ ಮೈಕ್ರೋಗ್ರಾಂ. ಮಿಕ್ಕದ್ದರಲ್ಲಿ ನೂರಕ್ಕೆ ಒಂದು ಭಾಗದಷ್ಟು ತಾನಾಗಿ ಒಳಸೇರುತ್ತದೆ. ದಿನಕ್ಕೆ 250 ಮೈಕ್ರೋಗ್ರಾಂ ಸಯನೋಕೋಬಾಲಮಿನ್ ತೆಗೆದುಕೊಂಡರೆ ಒಟ್ಟು ಸುಮಾರು 4 ಮೈಕ್ರೋಗ್ರಾಂ ದಕ್ಕುತ್ತದೆ. ಮಾತ್ರೆಯ ಮೇಲಿನ ಸಂಖ್ಯೆ ದೊಡ್ಡದಾಗಿ ಕಾಣುವುದಕ್ಕೆ ಕಾರಣ ಇಷ್ಟೇ. ವೈದ್ಯರೂ ಒಪ್ಪಿದ ಮೇಲೆ ಇದನ್ನೇ ನಿಗದಿ ಮಾಡಿದೆವು, ಸ್ಪಿರುಲಿನಾ ನಿಂತಿತು. ಹುದುಗಿದ ಆಹಾರವನ್ನು ರುಚಿಗಾಗಿ ತಿನ್ನಲು ಅಡ್ಡಿಯಿಲ್ಲ, ಬಿ12ರ ಲೆಕ್ಕಕ್ಕೆ ಮಾತ್ರ ಸೇರಿಸಬೇಡಿ ಎಂದೆ.

ಮಾತಿನ ನಡುವೆ ಅವರ ಅತ್ತೆಯ ವಿಷಯವೂ ಬಂದಿತು. 64 ವರ್ಷದ ಅವರು ಹಾಲು ಕುಡಿಯುವ ಸಸ್ಯಾಹಾರಿ, ಆದ್ದರಿಂದ ತಮಗೆ ಈ ಚಿಂತೆಯಿಲ್ಲ ಎಂದು ನಂಬಿದ್ದರು. ಆದರೆ 250 ಮಿಲಿಲೀಟರ್ ಹಾಲಿನಲ್ಲಿ ಇರುವುದು ಸುಮಾರು 1 ಮೈಕ್ರೋಗ್ರಾಂ ಮಾತ್ರ, ಕುದಿಸಿದಷ್ಟೂ ಅದರಲ್ಲಿ ಒಂದಿಷ್ಟು ನಷ್ಟವಾಗುತ್ತದೆ. ಮೇಲಾಗಿ ಅವರು ಹಲವು ವರ್ಷಗಳಿಂದ ಮಧುಮೇಹಕ್ಕೆ ಮೆಟ್‌ಫಾರ್ಮಿನ್, ಎದೆಯುರಿಗೆ ಆಮ್ಲ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಆಹಾರದ ಪ್ರೋಟೀನಿನಿಂದ ಬಿ12 ಬಿಡುಗಡೆಯಾಗಲು ಜಠರದ ಆಮ್ಲ ಬೇಕು, ವಯಸ್ಸಾದವರಲ್ಲಿ ಅದು ಮೊದಲೇ ಕುಗ್ಗಿರುತ್ತದೆ. ಮೆಟ್‌ಫಾರ್ಮಿನ್ ಕರುಳು ಬಿ12 ಹೀರುವುದನ್ನೇ ತಗ್ಗಿಸುತ್ತದೆ. ಪಾದದ ಉರಿಯನ್ನು ಎಲ್ಲರೂ ಮಧುಮೇಹದ ಲೆಕ್ಕಕ್ಕೆ ಹಾಕಿಬಿಡುವುದರಿಂದ ಇಂಥವರ ಕೊರತೆ ಸುಲಭವಾಗಿ ಮರೆಯಾಗುತ್ತದೆ. ಮಾತ್ರೆಯಲ್ಲಿರುವ ಬಿ12 ಪ್ರೋಟೀನಿಗೆ ಅಂಟಿಕೊಂಡಿರುವುದಿಲ್ಲವಾದ್ದರಿಂದ ಆಮ್ಲ ಕಡಿಮೆಯಿದ್ದರೂ ಒಳಸೇರುತ್ತದೆ ಎಂದು ವಿವರಿಸಿ, ಅವರನ್ನೂ ಪರೀಕ್ಷೆಗೆ ಕಳುಹಿಸಿದೆ. ಜಠರದ ಅಥವಾ ಸಣ್ಣಕರುಳಿನ ಶಸ್ತ್ರಚಿಕಿತ್ಸೆ ಆದವರ ಮಾತು ಬೇರೆ. ಅವರ ಪ್ರಮಾಣವನ್ನು ವೈದ್ಯರೇ ಹೇಳಬೇಕು.

ಮಗು ಕೆಲವೇ ದಿನಗಳಲ್ಲಿ ಮುಖ ನೋಡಿ ಸ್ಪಂದಿಸತೊಡಗಿತು, ವಾರಗಳು ಕಳೆದಂತೆ ಕತ್ತು ನಿಂತಿತು, ತೂಕ ಏರಿತು. ಬೆಳವಣಿಗೆಯ ತಪಾಸಣೆ ಇನ್ನೂ ನಡೆಯುತ್ತಿದೆ. ತಾಯಿಯ ಆಯಾಸ ಬೇಗ ಹೋಯಿತಾದರೂ ಪಾದಗಳ ಜೋಮು ತಿಂಗಳುಗಟ್ಟಲೆ ನಿಧಾನವಾಗಿ ಇಳಿಯಿತು, ಬೆರಳ ತುದಿಗಳಲ್ಲಿ ಸ್ವಲ್ಪ ಉಳಿದುಕೊಂಡಿದೆ. ಎದೆಹಾಲು ಬಿಡಿಸಿದ ದಿನದಿಂದ ತಾಯಿ ನುಂಗುವ ಮಾತ್ರೆ ಮಗುವಿಗೆ ತಲುಪುವುದಿಲ್ಲವಾದ್ದರಿಂದ, ಮಗುವಿಗೆ ಪ್ರತ್ಯೇಕವಾಗಿ ಹನಿಗಳ ರೂಪದಲ್ಲಿ ಬಿ12 ಎಷ್ಟು, ಎಂದಿನಿಂದ ಎಂಬುದನ್ನು ಮಕ್ಕಳ ತಜ್ಞರಿಂದ ಬರೆಸಿಕೊಂಡು ಅವರ ಕಡತಕ್ಕೆ ಸೇರಿಸಿದ್ದೇನೆ.