ಮೊತ್ತ ಸರಿ, ಬದಿ ತಪ್ಪು

ಪ್ರಶ್ನೆ: ಜರ್ನಲ್ ನಮೂದುಗಳಲ್ಲಿ ಖಾತೆಗಳ ಹೆಸರೂ ಮೊತ್ತವೂ ಸರಿಯಿವೆ, ಡೆಬಿಟ್ ಕ್ರೆಡಿಟ್ ಮಾತ್ರ ಅದಲುಬದಲಾಗಿದೆ. ಅರ್ಧ ಅಂಕವಾದರೂ ಕೊಡಬೇಕಲ್ಲವೇ? ನಿಯಮಗಳನ್ನು ಬಾಯಿಪಾಠ ಮಾಡಲು ಸುಲಭ ದಾರಿ ಇದೆಯೇ?

ನನ್ನ ಉತ್ತರ ಪತ್ರಿಕೆಯಲ್ಲೂ ಹತ್ತು ನಮೂದುಗಳಲ್ಲಿ ಆರಕ್ಕೆ ಕೆಂಪು ಗೆರೆ ಬಿದ್ದಿತ್ತು. ಅಂದು ನಿಮ್ಮಷ್ಟೇ ಸಿಟ್ಟು ನನಗೂ ಬಂದಿತ್ತು. ಆದರೆ ಅರ್ಧ ಅಂಕ ನಮಗೆ ಸಲ್ಲುವುದಿಲ್ಲ. ಮೊತ್ತ ಪ್ರಶ್ನೆಯಲ್ಲೇ ಇರುತ್ತದೆ, ಅದನ್ನು ನಕಲು ಮಾಡಿದ್ದಷ್ಟೇ ನಮ್ಮ ಕೆಲಸ. ಬಾಕಿ ಇದ್ದ ಗ್ರಾಹಕರು 4,500 ಕೊಟ್ಟರು ಎಂಬ ವ್ಯವಹಾರಕ್ಕೆ ನಾನು ಗ್ರಾಹಕರ ಖಾತೆಯನ್ನು ಡೆಬಿಟ್ ಮಾಡಿ ನಗದು ಖಾತೆಯನ್ನು ಕ್ರೆಡಿಟ್ ಮಾಡಿದ್ದೆ. ಅದನ್ನು ಓದಿದವರಿಗೆ ಸಿಗುವ ಅರ್ಥ, ನಾವೇ ಗ್ರಾಹಕರಿಗೆ 4,500 ಕೊಟ್ಟೆವು ಎಂದು. ನಡೆಯದೇ ಇದ್ದ ಇನ್ನೊಂದು ವ್ಯವಹಾರವನ್ನೇ ನಾನು ಬರೆದಿದ್ದೆ.

ಮನೆಗೆ ಬಂದು ಆ ಆರನ್ನೂ ಒಂದರ ಕೆಳಗೊಂದು ಬರೆದು ನೋಡಿದೆ. ಆರರಲ್ಲೂ ನಗದು ಖಾತೆಯೋ ಬ್ಯಾಂಕ್ ಖಾತೆಯೋ ಇತ್ತು. ಸಾಲದ ಮಾರಾಟ, ಸಾಲದ ಖರೀದಿಯಂಥ ಹಣ ಕೈಬದಲಾಗದ ನಾಲ್ಕೂ ಸರಿಯಾಗಿದ್ದವು. ಹಾಗಿದ್ದರೆ ನಿಯಮ ಮರೆತದ್ದಲ್ಲ. ಹಣದ ವಿಷಯ ಬಂದಾಗ ಮಾತ್ರ ನನ್ನ ತಲೆಯಲ್ಲಿ ಬೇರೊಂದು ನಿಯಮ ಕೆಲಸ ಮಾಡುತ್ತಿತ್ತು.

ಅದು ಬಂದದ್ದು ಬ್ಯಾಂಕಿನ ಸಂದೇಶಗಳಿಂದ. ಹಣ ಬಂದರೆ ‘ಕ್ರೆಡಿಟ್ ಆಗಿದೆ’, ಹೋದರೆ ‘ಡೆಬಿಟ್ ಆಗಿದೆ’. ಅದನ್ನೇ ನಾವು ಜಮಾ ಆಯಿತು, ಕಡಿತವಾಯಿತು ಎನ್ನುತ್ತೇವೆ. ವರ್ಷಗಟ್ಟಲೆ ಇದನ್ನೇ ಓದಿದವರಿಗೆ ಕ್ರೆಡಿಟ್ ಎಂದರೆ ಬಂದದ್ದು, ಡೆಬಿಟ್ ಎಂದರೆ ಹೋದದ್ದು ಎಂದು ಮನಸ್ಸಿನಲ್ಲಿ ಗಟ್ಟಿಯಾಗಿಬಿಡುತ್ತದೆ. ಆದರೆ ಆ ಸಂದೇಶ ಬ್ಯಾಂಕಿನ ಪುಸ್ತಕದ ಮಾತು, ನಮ್ಮ ಪುಸ್ತಕದ್ದಲ್ಲ. ನಾವು ಇಟ್ಟ ಠೇವಣಿ ಬ್ಯಾಂಕಿಗೆ ಸಾಲ, ಅದು ಒಂದು ದಿನ ನಮಗೆ ಹಿಂತಿರುಗಿಸಬೇಕಾದ ಹಣ. ಹೊಣೆ ಹೆಚ್ಚಿದರೆ ಕ್ರೆಡಿಟ್, ಆದ್ದರಿಂದ ಅವರು ಕ್ರೆಡಿಟ್ ಎನ್ನುತ್ತಾರೆ. ಅದೇ ಹಣ ನಮಗೆ ಆಸ್ತಿ. ಆಸ್ತಿ ಹೆಚ್ಚಿದರೆ ಡೆಬಿಟ್, ಆದ್ದರಿಂದ ನಮ್ಮ ಪುಸ್ತಕದಲ್ಲಿ ಬ್ಯಾಂಕ್ ಖಾತೆ ಡೆಬಿಟ್ ಆಗಬೇಕು. ಒಂದೇ ಹಣ, ಎರಡು ಪುಸ್ತಕ, ಎದುರುಬದುರು ಬದಿ. ಇದನ್ನು ಯಾರಾದರೂ ಮೊದಲ ದಿನವೇ ಹೇಳಿದ್ದರೆ ನನ್ನ ಒಂದು ವರ್ಷ ಉಳಿಯುತ್ತಿತ್ತು.

ಗೊತ್ತಾದ ಮೇಲೂ ಹಳೆಯ ಅಭ್ಯಾಸ ಬಿಡಲಿಲ್ಲ. ಮೊದಲ ಕೆಲಸದಲ್ಲಿ ಗ್ರಾಹಕರೊಬ್ಬರು 4,500 ಬಾಕಿ ತೀರಿಸಿದಾಗ ಅವಸರದಲ್ಲಿ ಅಂಥದ್ದೇ ನಮೂದನ್ನು ಮತ್ತೆ ತಿರುಗಿಸಿ ಬರೆದೆ. ತಿಂಗಳ ಕೊನೆಯಲ್ಲಿ ತಾಳೆಪಟ್ಟಿಯ ಎರಡೂ ಬದಿ ಕೂಡಿಬಂದವು, ನಾನು ನಿಶ್ಚಿಂತನಾದೆ. ಕೂಡಿಬರಲೇಬೇಕಿತ್ತು: ಎರಡೂ ಖಾತೆ ತಿರುಗಿದಾಗ ಡೆಬಿಟ್ ಮೊತ್ತ ಕ್ರೆಡಿಟ್ ಮೊತ್ತಕ್ಕೆ ಸಮವಾಗಿಯೇ ಇರುತ್ತದೆ. ಈ ತಪ್ಪನ್ನು ತಾಳೆಪಟ್ಟಿ ಎಂದಿಗೂ ಹಿಡಿದುಕೊಡುವುದಿಲ್ಲ. ಹಿಡಿದವರು ಆ ಗ್ರಾಹಕರು. 4,500 ತೀರಿಸಿ ಬಾಕಿ ಸೊನ್ನೆ ಮಾಡಿದ್ದವರಿಗೆ 9,000 ಬಾಕಿ ಇದೆ ಎಂಬ ಪತ್ರ ಹೋಗಿತ್ತು. ಅವರು ರಸೀದಿ ತಂದು ಮೇಜಿನ ಮೇಲಿಟ್ಟು ಏನೂ ಮಾತನಾಡದೆ ನಿಂತರು. ಅತ್ತ ನಗದು ಪೆಟ್ಟಿಗೆಯಲ್ಲಿ 14,500 ಇತ್ತು, ಪುಸ್ತಕದಲ್ಲಿ 5,500.

ಆಗಲೂ ಎಡವಿದೆ. ಸರಿಯಾದ ನಮೂದನ್ನು 4,500ಕ್ಕೆ ಒಮ್ಮೆ ಬರೆದು ಮುಗಿಯಿತೆಂದುಕೊಂಡೆ. ಅದು ತಪ್ಪನ್ನು ಅಳಿಸಿತಷ್ಟೇ. ನಗದು 10,000ಕ್ಕೆ ಮರಳಿತು, ಗ್ರಾಹಕರ ಬಾಕಿ 4,500ಕ್ಕೆ ಇಳಿಯಿತು. ನಿಜವಾದ ಪಾವತಿಯನ್ನು ದಾಖಲಿಸಲು ಇನ್ನೊಂದು 4,500 ಬೇಕಿತ್ತು. ಬದಿ ತಿರುಗಿದರೆ ವ್ಯತ್ಯಾಸ ಯಾವಾಗಲೂ ಮೊತ್ತದ ಎರಡರಷ್ಟು. ಆದ್ದರಿಂದಲೇ ಪೆಟ್ಟಿಗೆಗೂ ಪುಸ್ತಕಕ್ಕೂ ಹೊಂದದಿದ್ದಾಗ ನಾನು ಇಂದಿಗೂ ಮೊದಲು ವ್ಯತ್ಯಾಸವನ್ನು ಅರ್ಧ ಮಾಡಿ ಆ ಮೊತ್ತದ ನಮೂದು ಇದೆಯೇ ಎಂದು ಹುಡುಕುತ್ತೇನೆ.

ಬಾಯಿಪಾಠದ ದಾರಿ ಕೇಳಿದ್ದೀರಿ, ನಾನು ಹೇಳುವುದಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಮೊದಲು ಕೈಕೊಡುವುದೇ ಬಾಯಿಪಾಠ. ವ್ಯವಹಾರದಲ್ಲಿ ಹಣವಿದ್ದರೆ ಹಣದ ಸಾಲನ್ನೇ ಮೊದಲು ಬರೆಯಿರಿ: ನಮ್ಮ ಬಳಿ ಹೆಚ್ಚಿತೇ, ಡೆಬಿಟ್, ಕಡಿಮೆಯಾಯಿತೇ, ಕ್ರೆಡಿಟ್. ಉಳಿದ ಖಾತೆ ತಾನಾಗಿ ಇನ್ನೊಂದು ಬದಿಗೆ ಹೋಗುತ್ತದೆ. ಸವಕಳಿಯಂಥ ಹಣವಿಲ್ಲದ ನಮೂದಿನಲ್ಲಿ ಇದು ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಯಾವ ಆಸ್ತಿ ಕುಗ್ಗಿತು ಎಂದು ಕೇಳಿ ಅದನ್ನು ಕ್ರೆಡಿಟ್ ಮಾಡಬೇಕು.

ಈಗ ನಿಮ್ಮ ಉತ್ತರ ಪತ್ರಿಕೆ ತೆಗೆದು, ತಪ್ಪಾದವುಗಳಲ್ಲಿ ನಗದು ಅಥವಾ ಬ್ಯಾಂಕ್ ಇರುವವನ್ನು ಎಣಿಸಿ. ಎಲ್ಲವೂ ಅವೇ ಆಗಿದ್ದರೆ ನಿಮ್ಮದೂ ನನ್ನದೇ ತೊಂದರೆ. ಖರೀದಿ ವಾಪಸು, ಮಾರಾಟ ವಾಪಸುಗಳೂ ತಪ್ಪಿದ್ದರೆ ಆ ನಮೂದುಗಳನ್ನು ಇಲ್ಲಿ ಬರೆಯಿರಿ, ನೋಡೋಣ.